ಮೂರು ತಿಂಗಳ ಲೆಕ್ಕದಲ್ಲಿ ಸಿಕ್ಕ ಹಪ್ಪಳದ ಪೋಸ್ಟ್

ಉಡುಪಿಯಲ್ಲಿ ನಮ್ಮದೊಂದು ಸಣ್ಣ ಅಂಗಡಿ ಇದೆ. ಹಲಸಿನ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಪುನರ್ಪುಳಿ ಸಿರಪ್ ಇವು ನಮ್ಮ ಮುಖ್ಯ ಸರಕು. ಅರ್ಧದಷ್ಟು ವ್ಯಾಪಾರ ಊರಿನಲ್ಲೇ ಆಗುತ್ತದೆ; ಉಳಿದದ್ದು ಬೆಂಗಳೂರು, ಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಕಡೆಯವರಿಗೆ ಕೊರಿಯರ್ ಮೂಲಕ ಹೋಗುತ್ತದೆ. ಆ ಎರಡನೆಯ ಅರ್ಧ ಬಹುತೇಕ ಇನ್‌ಸ್ಟಾಗ್ರಾಮ್ ಪುಟವನ್ನೇ ನಂಬಿಕೊಂಡಿರುವುದರಿಂದ, ಪುಟ ನೋಡಿಕೊಳ್ಳಲು ಒಂದಷ್ಟು ಕಾಲ ಒಬ್ಬರಿಗೆ ತಿಂಗಳಿಗಿಷ್ಟು ಎಂದು ಹಣ ಕೊಟ್ಟಿದ್ದೆವು. ಅವರು ತಿಂಗಳ ಕೊನೆಯಲ್ಲಿ ಕಳುಹಿಸುತ್ತಿದ್ದ ವರದಿಯಲ್ಲಿ ಒಂದೇ ಸಂಖ್ಯೆ ದೊಡ್ಡ ಅಕ್ಷರದಲ್ಲಿ ಇರುತ್ತಿತ್ತು, ಅದು ರೀಚ್, ಅಂದರೆ ಪೋಸ್ಟ್ ಎಷ್ಟು ಖಾತೆಗಳಿಗೆ ತಲುಪಿತು ಎಂಬುದು. ಆ ಸಂಖ್ಯೆ ಏರುತ್ತಲೇ ಇತ್ತು, ಕೊರಿಯರ್ ಪೆಟ್ಟಿಗೆಗಳ ಸಂಖ್ಯೆ ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ಆ ವ್ಯವಸ್ಥೆಯನ್ನು ಬಿಟ್ಟು, ಹಳೆಯ ಪೋಸ್ಟುಗಳಲ್ಲಿ ಯಾವುದನ್ನು ಮತ್ತೆ ಬರೆದರೆ ಪ್ರಯೋಜನವಾದೀತು ಎಂದು ನಾನೇ ಲೆಕ್ಕ ಹಾಕಲು ಕುಳಿತೆ.

ಫೆಬ್ರವರಿಯಿಂದ ಏಪ್ರಿಲ್ ಕೊನೆಯವರೆಗೆ ನಾವು ಹಾಕಿದ್ದು 31 ಪೋಸ್ಟುಗಳು. ಅವುಗಳಲ್ಲಿ ಎರಡಕ್ಕೆ ಹಣ ಕೊಟ್ಟು ಬೂಸ್ಟ್ ಮಾಡಿಸಿದ್ದೆವು. ಇನ್ನೊಂದು, ಕಮೆಂಟಿನಲ್ಲಿ ಮೂವರು ಸ್ನೇಹಿತರ ಹೆಸರು ಹಾಕಿದವರಿಗೆ ಒಂದು ಕಿಲೋ ಉಪ್ಪಿನಕಾಯಿ ಬಹುಮಾನ ಎಂಬ ಪೋಸ್ಟ್. ಈ ಮೂರನ್ನೂ ಮೊದಲೇ ಬದಿಗಿಟ್ಟೆ. ಹಣ ಕೊಟ್ಟು ತಂದ ರೀಚ್ ಬರಹದ ಗುಣವನ್ನು ಹೇಳುವುದಿಲ್ಲ, ಬಹುಮಾನಕ್ಕಾಗಿ ಬಂದ ಕಮೆಂಟು ಉಪ್ಪಿನಕಾಯಿಯ ಮೇಲಿನ ಆಸಕ್ತಿಯನ್ನೂ ಹೇಳುವುದಿಲ್ಲ. ಉಳಿದ 28ರಲ್ಲಿ 12 ರೀಲ್‌ಗಳು. ರೀಲ್‌ಗಳನ್ನು ಇನ್‌ಸ್ಟಾಗ್ರಾಮ್ ನಮ್ಮನ್ನು ಅನುಸರಿಸದವರಿಗೂ ಧಾರಾಳವಾಗಿ ತೋರಿಸುವುದರಿಂದ ಅವುಗಳ ರೀಚ್ ಫೋಟೋ ಪೋಸ್ಟುಗಳ ರೀಚಿನ ಪಕ್ಕದಲ್ಲಿಟ್ಟು ನೋಡುವಂಥದ್ದಲ್ಲ. ಹೀಗಾಗಿ ನಾನು ಹಿಡಿದುಕೊಂಡದ್ದು 16 ಫೋಟೋ ಪೋಸ್ಟುಗಳನ್ನು ಮಾತ್ರ.

ಪ್ರತಿ ಪೋಸ್ಟಿನ ಕೆಳಗಿನ ಇನ್‌ಸೈಟ್ಸ್ ತೆರೆದು ತಲುಪಿದ ಖಾತೆಗಳು, ಲೈಕು, ಸೇವ್, ಶೇರ್ ಇಷ್ಟನ್ನು ಎಕ್ಸೆಲ್ ಹಾಳೆಯಲ್ಲಿ ಬರೆದುಕೊಂಡೆ. ಪರದೆಯ ಮೇಲೆ Accounts reached ಎಂದು ಬರುವುದೇ ರೀಚ್. ಒಬ್ಬರು ಐದು ಸಲ ನೋಡಿದರೂ ಅದು ಒಂದೇ ಖಾತೆ. Views ಎಂಬುದು ಆ ಐದನ್ನೂ ಐದೆಂದೇ ಎಣಿಸುವುದರಿಂದ ಎಷ್ಟು ಜನರಿಗೆ ಮುಟ್ಟಿತು ಎಂಬ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ. ಇವೆರಡನ್ನು ಒಂದೇ ಎಂದುಕೊಂಡು ನಾನು ಮೊದಲ ದಿನ ಅರ್ಧ ಹಾಳೆಯನ್ನು ತಪ್ಪಾಗಿ ತುಂಬಿಸಿದ್ದೆ. ಹಾಳೆಯ ಕೊನೆಯ ಅಂಕಣಕ್ಕೆ ನಾನು ಕೊಟ್ಟ ಸೂತ್ರ ಇಷ್ಟೇ. ಇದರಲ್ಲಿ C ಎಂದರೆ ರೀಚ್, E ಮತ್ತು F ಎಂದರೆ ಸೇವ್ ಮತ್ತು ಶೇರ್.

```
=(E2+F2)/C2*100
=MEDIAN(C2:C17)
```

D ಅಂಕಣದಲ್ಲಿರುವ ಲೈಕನ್ನು ಸೂತ್ರದಿಂದ ಬೇಕೆಂದೇ ಹೊರಗಿಟ್ಟಿದ್ದೇನೆ. ನಮ್ಮ ಪುಟಕ್ಕೆ ಬರುವ ಲೈಕುಗಳಲ್ಲಿ ದೊಡ್ಡ ಪಾಲು ನೆಂಟರದ್ದು, ಹಳೆಯ ಸಹಪಾಠಿಗಳದ್ದು, ಪಕ್ಕದ ಅಂಗಡಿಯವರದ್ದು. ಅದು ನಮ್ಮ ಮೇಲಿನ ವಿಶ್ವಾಸದ ಗುರುತೇ ಹೊರತು ಪೋಸ್ಟಿನ ಉಪಯೋಗದ ಗುರುತಲ್ಲ. ಸೇವ್ ಮಾಡಿದವರು ಮುಂದೆ ಬೇಕಾದೀತೆಂದು ಎತ್ತಿಟ್ಟುಕೊಂಡಿದ್ದಾರೆ, ಶೇರ್ ಮಾಡಿದವರು ಇನ್ನೊಬ್ಬರಿಗೆ ಬೇಕಾದೀತೆಂದು ಕಳುಹಿಸಿದ್ದಾರೆ. ನೂರು ಜನ ನೋಡಿದರೆ ಇಂಥವರು ಎಷ್ಟು ಮಂದಿ ಎಂಬುದನ್ನು ಆ ಅಂಕಣ ತಿಳಿಸುತ್ತದೆ. ಎರಡನೆಯ ಸೂತ್ರ ಮಧ್ಯಾಂಕಕ್ಕೆ. 16 ಪೋಸ್ಟುಗಳನ್ನು ರೀಚಿನ ಕ್ರಮದಲ್ಲಿ ಸಾಲಾಗಿಟ್ಟರೆ ನಟ್ಟನಡುವೆ ಬರುವ ಬೆಲೆ ಅದು. ಸರಾಸರಿ ತೆಗೆದಿದ್ದರೆ ಒಂದೇ ಒಂದು ದೊಡ್ಡ ಪೋಸ್ಟು ಇಡೀ ಲೆಕ್ಕವನ್ನು ಮೇಲಕ್ಕೆಳೆದುಬಿಡುತ್ತಿತ್ತು. ನಮ್ಮ ಮಧ್ಯಾಂಕ ರೀಚಿನಲ್ಲಿ 640 ಬಂತು, ನೂರಕ್ಕೆ ಸೇವ್ ಮತ್ತು ಶೇರಿನಲ್ಲಿ 1.4 ಬಂತು.

ಈ ಎರಡು ಸಂಖ್ಯೆಗಳ ಎದುರು ಒಂದೊಂದೇ ಪೋಸ್ಟನ್ನು ಇಟ್ಟು ನೋಡಿದಾಗ ನನ್ನ ಊಹೆಗಳು ಬುಡಮೇಲಾದವು. ನಾವು ಅತ್ಯಂತ ಯಶಸ್ವಿಯೆಂದು ಬೀಗುತ್ತಿದ್ದದ್ದು ಸಂಜೆ ರಥಬೀದಿಯಲ್ಲಿ ರಥ ಎಳೆಯುತ್ತಿರುವ ಒಂದು ಚಿತ್ರ. ಅದು 4,180 ಖಾತೆಗಳಿಗೆ ತಲುಪಿತ್ತು, ಲೈಕು 386, ಸೇವ್ ಮತ್ತು ಶೇರ್ ಸೇರಿ ಕೇವಲ 26. ಅಂದರೆ ನೂರಕ್ಕೆ 0.6. ಜನ ರಥಕ್ಕೆ ಕೈಮುಗಿದು ಮುಂದೆ ಹೋಗಿದ್ದರು, ನಮ್ಮ ಹಪ್ಪಳ ಅವರ ಕಣ್ಣಿಗೆ ಬಿದ್ದಿರಲೇ ಇಲ್ಲ. ಇಂಥ ಪೋಸ್ಟನ್ನು ಮತ್ತೆ ಬರೆದು ಪ್ರಯೋಜನವಿಲ್ಲ; ಅದು ಈಗಾಗಲೇ ತಲುಪಬೇಕಾದಷ್ಟು ತಲುಪಿದೆ, ತಲುಪಿಸಿದ ವಿಷಯವೇ ನಮ್ಮದಲ್ಲ.

ಇನ್ನೊಂದು ತುದಿಯಲ್ಲಿ, ಮಾರ್ಚ್ ನಡುವಿನಲ್ಲಿ ಹಾಕಿ ನಾನೇ ಮರೆತುಬಿಟ್ಟಿದ್ದ ಪೋಸ್ಟೊಂದಿತ್ತು. ಮಳೆಗಾಲದಲ್ಲಿ ಹಲಸಿನ ಹಪ್ಪಳ ಮೆತ್ತಗಾಗದಂತೆ ಹೇಗೆ ಇಡಬೇಕು ಎಂಬುದು ಅದರ ವಿಷಯ. ರೀಚ್ 410, ಲೈಕು 19. ಇವೆರಡನ್ನೇ ನೋಡಿದರೆ ಅದು ಸೋತ ಪೋಸ್ಟು. ಆದರೆ 22 ಮಂದಿ ಸೇವ್ ಮಾಡಿದ್ದರು, 9 ಮಂದಿ ಶೇರ್ ಮಾಡಿದ್ದರು. ನೂರಕ್ಕೆ ಏಳೂವರೆ, ಅಂದರೆ ನಮ್ಮ ಮಧ್ಯಾಂಕದ ಐದು ಪಟ್ಟಿಗೂ ಹೆಚ್ಚು. ಲೈಕಿಗಿಂತ ಸೇವ್ ಹೆಚ್ಚಿದ್ದದ್ದು ಆ ಹಾಳೆಯಲ್ಲಿ ಎರಡೇ ಕಡೆ, ಅದರಲ್ಲಿ ಇದೊಂದು. ಕಡಿಮೆ ಜನ ನೋಡಿದ್ದಾರೆ, ನೋಡಿದವರು ಬಿಟ್ಟುಕೊಟ್ಟಿಲ್ಲ ಎಂದಾದರೆ ದೋಷವಿರುವುದು ಒಳಗಿನ ಮಾತಿನಲ್ಲಲ್ಲ, ಬಾಗಿಲಿನಲ್ಲಿ. ಮತ್ತೆ ಬರೆಯಲು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಇಂಥದ್ದನ್ನೇ ಎಂದು ನಾನು ತೀರ್ಮಾನಿಸಿದೆ.

ಬಾಗಿಲು ಹೇಗಿತ್ತೆಂದು ನೋಡಿದಾಗ ನಗು ಬಂತು. ಮೊದಲ ಚಿತ್ರವೆಂದರೆ ಬಿಳಿ ಹಿನ್ನೆಲೆಯಲ್ಲಿ ಅಂಗಡಿಯ ಲೋಗೋ, ಫೋನ್ ನಂಬರು, "ಗುಣಮಟ್ಟದ ಹಪ್ಪಳಗಳು ದೊರೆಯುತ್ತವೆ" ಎಂಬ ಸಾಲು. ಹಪ್ಪಳ ಇಡುವ ಕ್ರಮ ಇದ್ದದ್ದು ಮೂರನೆಯ ಚಿತ್ರದಲ್ಲಿ. ಬರಹದಲ್ಲಿ ಮೇಲೆ ಕಾಣುವುದು ಒಂದೆರಡು ಸಾಲು ಮಾತ್ರ, ಉಳಿದದ್ದನ್ನು ಒತ್ತಿ ತೆರೆಯಬೇಕು. ಆ ಒಂದೆರಡು ಸಾಲನ್ನು ನಾವು "ನಮಸ್ಕಾರ, ನಮ್ಮ ಪ್ರೀತಿಯ ಗ್ರಾಹಕರೇ" ಎಂಬುದಕ್ಕೆ ಖರ್ಚು ಮಾಡಿದ್ದೆವು.

ಪೋಸ್ಟ್ ಮಾಡಿದ ಮೇಲೆ ಬರಹವನ್ನು ತಿದ್ದಬಹುದು, ಆದರೆ ಚಿತ್ರದ ಜಾಗದಲ್ಲಿ ಬೇರೆ ಚಿತ್ರ ಕೂರಿಸಲು ಬರುವುದಿಲ್ಲ. ಹಳೆಯ ಪೋಸ್ಟೊಂದರ ಬರಹವನ್ನಷ್ಟೇ ತಿದ್ದಿ ನೋಡಿದ್ದೆ. ಎರಡು ವಾರ ಕಳೆದರೂ ರೀಚ್ ಹತ್ತಿಪ್ಪತ್ತಕ್ಕಿಂತ ಹೆಚ್ಚು ಕದಲಲಿಲ್ಲ. ಹಾಗಾಗಿ ಮತ್ತೆ ಬರೆಯುವುದೆಂದರೆ ಹೊಸ ಪೋಸ್ಟನ್ನೇ ಹಾಕುವುದು ಎಂದಿಟ್ಟುಕೊಂಡೆ. ಹೊಸದರಲ್ಲಿ ಮೊದಲ ಚಿತ್ರ ಎರಡು ಹಪ್ಪಳಗಳದ್ದು: ಒಂದು ಕೈಯಲ್ಲಿ ಬಾಗಿ ನಿಂತದ್ದು, ಇನ್ನೊಂದು ಮುರಿದು ಎರಡಾದದ್ದು. ಮೊದಲ ಸಾಲು ಹೀಗಿತ್ತು: "ಬಿಸಿಲಿನಿಂದ ತೆಗೆದ ಹಪ್ಪಳವನ್ನು ಬಿಸಿಯಿರುವಾಗಲೇ ಡಬ್ಬಿಗೆ ತುಂಬುತ್ತೀರಾ? ಮೆತ್ತಗಾಗುವುದು ಅಲ್ಲಿಂದಲೇ." ಬಿಸಿ ಹಪ್ಪಳದ ಆವಿ ಮುಚ್ಚಿದ ಡಬ್ಬಿಯೊಳಗೆ ನೀರಾಗಿ ಕೂರುತ್ತದೆ, ಆದ್ದರಿಂದ ಪೂರ್ತಿ ಆರಿದ ಮೇಲೆಯೇ ತುಂಬಬೇಕು ಎಂಬುದನ್ನು ಎರಡನೆಯ ಚಿತ್ರದಲ್ಲೇ ಹೇಳಿದೆವು. ಕ್ರಮದ ಉಳಿದ ವಿವರಗಳಲ್ಲಿ ಒಂದಕ್ಷರವನ್ನೂ ಬದಲಿಸಲಿಲ್ಲ. ಲೋಗೋ ಕೊನೆಯ ಚಿತ್ರಕ್ಕೆ ಹೋಯಿತು.

ಜೂನ್ ಮೊದಲ ವಾರ ಹಾಕಿದೆವು. ಏಳನೆಯ ದಿನಕ್ಕೆ ರೀಚ್ 1,960, ಸೇವ್ 88, ಶೇರ್ 61. ನೂರಕ್ಕೆ ಲೆಕ್ಕ ಹಾಕಿದರೆ 7.6, ಅಂದರೆ ಹೆಚ್ಚು ಕಡಿಮೆ ಮೊದಲಿನಷ್ಟೇ. ನನಗೆ ಸಮಾಧಾನ ಕೊಟ್ಟದ್ದು ದೊಡ್ಡದಾದ ರೀಚಿಗಿಂತ ಈ ಕದಲದ ಪ್ರಮಾಣ. ಹೊಸದಾಗಿ ಬಂದ ಜನರಿಗೂ ಒಳಗಿನ ಮಾತು ಅಷ್ಟೇ ಬೇಕಾಗಿತ್ತು ಎಂದು ಅದು ಹೇಳುತ್ತಿತ್ತು. ರೀಚ್ ಏರಿ ಪ್ರಮಾಣ ಒಂದೂವರೆಗೆ ಕುಸಿದಿದ್ದರೆ, ಬಾಗಿಲನ್ನು ಆಕರ್ಷಕ ಮಾಡಿ ಬೇಡದವರನ್ನು ಒಳಗೆ ಕರೆದೆವು ಎಂದರ್ಥವಾಗುತ್ತಿತ್ತು. ಆ ವಾರ ಹಪ್ಪಳ ಕೇಳಿ 23 ಸಂದೇಶಗಳು ಬಂದವು, ಅದರಲ್ಲಿ 14 ಪೆಟ್ಟಿಗೆ ಕಟ್ಟಿದೆವು.

ಇಷ್ಟನ್ನೂ ಮರುಬರಹದ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಅಪ್ರಾಮಾಣಿಕವಾದೀತು. ಮಾರ್ಚ್ ತಿಂಗಳ ಸುಡುಬಿಸಿಲಿನಲ್ಲಿ ಯಾರ ಮನೆಯ ಹಪ್ಪಳವೂ ಮೆತ್ತಗಾಗಿರುವುದಿಲ್ಲ, ಜೂನಿನಲ್ಲಿ ಎಲ್ಲರದ್ದೂ ಆಗಿರುತ್ತದೆ. ಹೊಸ ಚಿತ್ರ ಎಷ್ಟು ಕೆಲಸ ಮಾಡಿತು, ಮಳೆ ಎಷ್ಟು ಕೆಲಸ ಮಾಡಿತು ಎಂದು ಬೇರ್ಪಡಿಸಲು ಈ ಒಂದು ಉದಾಹರಣೆಯಿಂದ ಸಾಧ್ಯವಿಲ್ಲ. ಅದಕ್ಕಾಗಿಯೇ ಎರಡನೆಯ ಸಲ ಋತುವಿನ ಹಂಗಿಲ್ಲದ ಪೋಸ್ಟನ್ನು ಆರಿಸಿದೆ: ಮಿಡಿ ಉಪ್ಪಿನಕಾಯಿಯ ಮೇಲೆ ಬಿಳಿ ಪೊರೆ ಕಟ್ಟಿದರೆ ಏನು ಮಾಡಬೇಕು ಎಂಬುದು. ಮೊದಲ ಸಲ ಅದಕ್ಕೆ 470 ರೀಚ್, ಸೇವ್ ಮತ್ತು ಶೇರ್ ಸೇರಿ 23 ಬಂದಿತ್ತು. ಮಂಗಳವಾರ ಸಂಜೆ ಹಾಕಿದ್ದ ಅದನ್ನು ಮೊದಲ ಚಿತ್ರ ಮತ್ತು ಮೊದಲ ಸಾಲು ಮಾತ್ರ ಬದಲಿಸಿ ಮತ್ತೆ ಮಂಗಳವಾರ ಸಂಜೆಯೇ ಹಾಕಿದೆ. ರೀಚ್ 860 ಆಯಿತು, ಸೇವ್ ಮತ್ತು ಶೇರ್ 41. ಹಪ್ಪಳದ ಹಾಗೆ ಐದು ಪಟ್ಟಿನ ಹತ್ತಿರವೂ ಇಲ್ಲ, ಎರಡು ಪಟ್ಟಿಗೂ ತುಸು ಕಡಿಮೆ. ಬಾಗಿಲು ಸರಿಪಡಿಸಿದ್ದರಿಂದ ನಮಗೆ ಸಿಗುವುದು ಸುಮಾರು ಇಷ್ಟು ಎಂದು ಈಗ ಹಿಡಿದುಕೊಂಡಿದ್ದೇನೆ.

ಸೋತದ್ದೂ ಇದೆ. ಸಂಡಿಗೆಯ ಪೋಸ್ಟೊಂದು 90 ಖಾತೆಗಳಿಗೆ ಮಾತ್ರ ತಲುಪಿ 5 ಸೇವ್ ಗಳಿಸಿತ್ತು. ನೂರಕ್ಕೆ ಐದೂವರೆ ಎಂದು ಹಿಗ್ಗಿ ಅರ್ಧ ದಿನ ಕುಳಿತು ಹೊಸ ಫೋಟೋ ತೆಗೆದು ಮತ್ತೆ ಹಾಕಿದರೆ, 700 ಜನ ನೋಡಿ 5 ಮಂದಿ ಮಾತ್ರ ಸೇವ್ ಅಥವಾ ಶೇರ್ ಮಾಡಿದರು. ಆಮೇಲೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗಿ ಸಂಕೋಚದಿಂದ ಹೇಳಿದಳು, "ಅಣ್ಣ, ಆ ಐದರಲ್ಲಿ ಒಂದು ನಂದು, ಒಂದು ನಮ್ಮ ಅಕ್ಕಂದು. ನಾವು ಎಲ್ಲದಕ್ಕೂ ಮಾಡ್ತೇವೆ." ಐದರಲ್ಲಿ ಎರಡು ಹೋದರೆ ಪ್ರಮಾಣ ಮೂರಕ್ಕೆ ಇಳಿಯುತ್ತದೆ, ನೂರು ಜನರೂ ನೋಡದ ಪೋಸ್ಟಿನಲ್ಲಿ ಇಬ್ಬರ ಕೈ ಇಡೀ ತೀರ್ಪನ್ನೇ ತಿರುಗಿಸುತ್ತದೆ. ಈಗ ರೀಚ್ 300 ದಾಟದ, ಸೇವ್ ಮತ್ತು ಶೇರ್ ಸೇರಿ 15 ಆಗದ ಯಾವ ಪೋಸ್ಟನ್ನೂ ನಾನು ಆ ಅಂಕಣ ನೋಡಿ ಆರಿಸುವುದಿಲ್ಲ. ಈ 300 ಮತ್ತು 15 ನಮ್ಮ ಪುಟದ ಅಳತೆಗೆ ನಾನೇ ಹಾಕಿಕೊಂಡ ಗೆರೆ. ಇನ್ನೂ ದೊಡ್ಡ ಪುಟದವರು ಅದನ್ನು ಮೇಲಕ್ಕೆ ಎಳೆದುಕೊಳ್ಳಬೇಕು.

ಇನ್ನೊಂದು ಎಡವಟ್ಟು ದಿನಗಳದ್ದು. ಏಪ್ರಿಲ್ ಕೊನೆಯ ಪೋಸ್ಟುಗಳ ಸಂಖ್ಯೆಯನ್ನು ಮೊದಲು ಬರೆದುಕೊಂಡಾಗ ಅವುಗಳಿಗೆ ಎರಡೇ ದಿನ ವಯಸ್ಸು, ಫೆಬ್ರವರಿಯವಕ್ಕೆ ಮೂರು ತಿಂಗಳು. ಎಳೆಯ ಪೋಸ್ಟುಗಳೆಲ್ಲ ಬಡವಾಗಿ ಕಂಡದ್ದು ಅದೇ ಕಾರಣಕ್ಕೆ. ಇನ್‌ಸೈಟ್ಸ್ ತೋರಿಸುವುದು ಆ ಕ್ಷಣದವರೆಗಿನ ಒಟ್ಟು ಮೊತ್ತವನ್ನು; ಹಳೆಯ ಪೋಸ್ಟು ಏಳನೆಯ ದಿನ ಎಷ್ಟಿತ್ತೆಂದು ಹಿಂತಿರುಗಿ ಕೇಳುವಂತಿಲ್ಲ. ಆದ್ದರಿಂದ ಈಗ ಪ್ರತಿ ಪೋಸ್ಟಿನ ಏಳನೆಯ ದಿನ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ನಾಲ್ಕು ಸಂಖ್ಯೆಗಳನ್ನು ಹಾಳೆಗೆ ಏರಿಸುತ್ತೇವೆ, ಆಮೇಲೆ ಮುಟ್ಟುವುದಿಲ್ಲ.

ಹಾಳೆಯಲ್ಲಿ ಒಂದು ಅಂಕಣ ಮಾತ್ರ ಇನ್‌ಸೈಟ್ಸಿನಿಂದ ಬರುವುದಿಲ್ಲ. ಉಪ್ಪಿನಕಾಯಿಯ ದರಪಟ್ಟಿಯ ಪೋಸ್ಟಿಗೆ ರೀಚ್ 590, ಸೇವ್ ಒಂದೇ ಒಂದು, ಶೇರ್ ಇಲ್ಲವೇ ಇಲ್ಲ. ಲೆಕ್ಕದ ಪ್ರಕಾರ ಅದು ಕಸ. ಆದರೆ ಅದನ್ನು ನೋಡಿ ವಾಟ್ಸಾಪಿನಲ್ಲಿ ಒಂಬತ್ತು ಮಂದಿ ಆರ್ಡರ್ ಕೊಟ್ಟಿದ್ದರು. ದರ ತಿಳಿದವರು ಸೇವ್ ಮಾಡುತ್ತ ಕೂರುವುದಿಲ್ಲ, ನೇರವಾಗಿ ಕೇಳುತ್ತಾರೆ. ಯಾವುದನ್ನು ನೋಡಿ ಸಂದೇಶ ಕಳುಹಿಸಿದಿರಿ ಎಂದು ಪ್ರತಿಯೊಬ್ಬರನ್ನೂ ಕೇಳಿ ಆ ಸಂಖ್ಯೆಯನ್ನು ಕೈಯಿಂದಲೇ ಬರೆಯುತ್ತೇವೆ, ಅದು ಇರುವ ಪೋಸ್ಟನ್ನು ತಿದ್ದಲು ಹೋಗುವುದಿಲ್ಲ.

ಸದ್ಯ ಸರದಿಯಲ್ಲಿರುವುದು ಪುನರ್ಪುಳಿ ಸಿಪ್ಪೆಯಿಂದ ಮನೆಯಲ್ಲೇ ಶರಬತ್ತು ಮಾಡುವ ಕ್ರಮ ಹೇಳುವ ಪೋಸ್ಟ್. ರೀಚ್ 380, ನೂರಕ್ಕೆ 5.8. ಹಪ್ಪಳದ ಪಾಠ ನೆನಪಿರುವುದರಿಂದ ಅದನ್ನು ಮಳೆಯಲ್ಲಿ ಹಾಕದೆ ಮುಂದಿನ ಮಾರ್ಚ್ ಮೊದಲ ವಾರಕ್ಕೆ ಎತ್ತಿಟ್ಟಿದ್ದೇನೆ. ಮೊದಲ ಚಿತ್ರ ಲೋಟದಲ್ಲಿರುವ ಕೆಂಪು ಶರಬತ್ತಿನದ್ದೋ, ಒಣಗಿ ಕಪ್ಪಾದ ಸಿಪ್ಪೆಯದ್ದೋ ಎಂಬ ಬಗ್ಗೆ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ.