ಕಾಯಿ ತುರಿಯುವ ಯಂತ್ರದ ರೀಲ್: ಮೊದಲ ಆರು ಸೆಕೆಂಡು ಬರೆಯುವ ಬಗೆ

ಶಿವಮೊಗ್ಗದ ಗಾಂಧಿ ಬಜಾರಿನ ಪಾತ್ರೆ ಅಂಗಡಿಯವರಿಂದ ಹಿಡಿದು ತೀರ್ಥಹಳ್ಳಿ, ಸಾಗರದ ಕಡೆ ಮನೆಯಿಂದಲೇ ವ್ಯಾಪಾರ ಮಾಡುವ ಮಹಿಳೆಯರವರೆಗೆ ಅನೇಕರು ಈಗ ಅಡುಗೆಮನೆಯ ಸಾಮಾನನ್ನು ಇನ್‌ಸ್ಟಾಗ್ರಾಂ ರೀಲ್‌ನಲ್ಲಿ ತೋರಿಸಿ ಮಾರುತ್ತಾರೆ. ಅವರ ಸ್ಕ್ರಿಪ್ಟ್‌ಗಳಲ್ಲಿ ಹೆಚ್ಚಿನವು ಆರಂಭದಲ್ಲೇ ಕೆಡುತ್ತವೆ. “ಎಲ್ರಿಗೂ ನಮಸ್ಕಾರ, ನಮ್ಮ ಪೇಜಿಗೆ ಸ್ವಾಗತ, ಇವತ್ತು ನಿಮಗೊಂದು ಸೂಪರ್ ಐಟಂ ತೋರಿಸ್ತೀನಿ” ಎಂದು ಹೇಳಿ ಮುಗಿಸಲು ಸುಮಾರು ಐದು ಸೆಕೆಂಡು ಬೇಕು. ವಸ್ತು ಕಾಣಿಸುವ ಹೊತ್ತಿಗೆ ನೋಡುವವರ ಬೆರಳು ಮುಂದಿನ ರೀಲ್‌ಗೆ ಸರಿದಿರುತ್ತದೆ. ಕೊಳ್ಳಲೋ ಬೇಡವೋ ಎಂದು ಅನುಮಾನಿಸುತ್ತಿರುವವರಿಗೆ ಸ್ವಾಗತ ಬೇಕಾಗಿಲ್ಲ, ಅವರ ಅನುಮಾನಕ್ಕೆ ಉತ್ತರ ಬೇಕು. ಆ ಉತ್ತರವನ್ನು ಮೊದಲ ಆರು ಸೆಕೆಂಡಿನೊಳಗೆ ಹೇಗೆ ಇಡಬೇಕೆಂಬುದನ್ನು ಒಂದೇ ವಸ್ತುವಿನ ಮೂಲಕ ವಿವರಿಸುತ್ತೇನೆ: ಅಡಿಯಲ್ಲಿ ರಬ್ಬರಿನ ಹಿಡಿತವಿದ್ದು, ಹಿಡಿ ತಿರುಗಿಸಿ ಕಾಯಿ ತುರಿಯುವ ಕೈಯಂತ್ರ.

ಮೊದಲು ಅನುಮಾನವನ್ನು ಆರಿಸಿಕೊಳ್ಳಿ. ಅಂಗಡಿಯಲ್ಲಿ ಈ ಯಂತ್ರವನ್ನು ಕೈಗೆತ್ತಿಕೊಂಡವರು ಕೇಳುವ ಪ್ರಶ್ನೆಗಳು ಕೆಲವೇ. “ತಿರುಗಿಸುವಾಗ ಕಟ್ಟೆ ಬಿಟ್ಟು ಏಳಲ್ವಾ?”, “ಕರಟದ ಪುಡಿ ಸೇರುತ್ತಾ?”, “ತೊಳೆಯೋದು ಹೇಗೆ?” ಇವನ್ನು ಕೇಳಿದ ಮಾತಿನಲ್ಲೇ ಬರೆದಿಟ್ಟುಕೊಂಡು, ಒಂದು ರೀಲ್‌ಗೆ ಒಂದನ್ನೇ ತೆಗೆದುಕೊಳ್ಳಬೇಕು. ಮೂರಕ್ಕೂ ಒಟ್ಟಿಗೆ ಉತ್ತರಿಸಲು ಹೊರಟರೆ ಯಾವುದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ಈಳಿಗೆಮಣೆಯ ಮೇಲೆ ಕುಳಿತು ತುರಿದು ಅಭ್ಯಾಸವಾದವರಿಗೆ, ಕುಳಿತವರ ಭಾರದಿಂದಲೇ ಮಣೆ ಅಲುಗಾಡುವುದಿಲ್ಲ ಎಂಬುದು ಗೊತ್ತು. ಆದ್ದರಿಂದ ಭಾರವೇ ಇಲ್ಲದ ಈ ಯಂತ್ರ ಹೇಗೆ ನಿಂತೀತು ಎಂಬುದೇ ಅವರ ಮೊದಲ ಸಂಶಯ. ನಾವೂ ಅದನ್ನೇ ಆರಿಸಿಕೊಳ್ಳೋಣ.

ಸ್ಕ್ರಿಪ್ಟ್ ಬರೆಯುವ ಮುನ್ನ ಯಂತ್ರ ಏಕೆ ನಿಲ್ಲುತ್ತದೆ ಎಂಬುದು ಬರೆಯುವವರಿಗೆ ತಿಳಿದಿರಬೇಕು. ಯಂತ್ರದ ಬುಡದಲ್ಲಿರುವ ಸನ್ನೆಯನ್ನು, ಅಂದರೆ ಲಿವರನ್ನು, ಒತ್ತಿದಾಗ ರಬ್ಬರಿನ ನಡುಭಾಗ ಮೇಲಕ್ಕೆ ಸೆಳೆಯಲ್ಪಟ್ಟು, ಅದರ ಅಡಿಯಲ್ಲಿ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಹೊರಗಿನ ಗಾಳಿ ಯಂತ್ರವನ್ನು ಕಟ್ಟೆಗೆ ಒತ್ತಿ ಹಿಡಿಯುತ್ತದೆ. ನುಣುಪಾದ ಗ್ರಾನೈಟ್, ಸ್ಟೀಲ್ ಅಥವಾ ಗಾಜಿನ ಮೇಲೆ ಈ ಹಿಡಿತ ಗಟ್ಟಿ. ಒರಟು ಕಲ್ಲು, ಸಿಮೆಂಟು ಕಟ್ಟೆ, ಮರದ ಹಲಗೆ, ಟೈಲ್ಸಿನ ಸಂದು ಇರುವಲ್ಲಿ ಗಾಳಿ ಒಳನುಗ್ಗಿ ಹಿಡಿತ ಬಿಡುತ್ತದೆ. ಮಲೆನಾಡಿನ ಹಳೆಯ ಮನೆಗಳ ಅಡುಗೆಮನೆಯಲ್ಲಿ ಇಂಥ ಕಟ್ಟೆಗಳು ಇಂದಿಗೂ ಇವೆ. ಈ ಮಿತಿಯನ್ನು ಮುಚ್ಚಿಟ್ಟು ಮಾರಿದ ಯಂತ್ರ ಮರಳಿ ನಿಮ್ಮ ಅಂಗಡಿಗೇ ಬರುತ್ತದೆ.

ಇನ್ನು ಮೊದಲ ಮೂರು ಸೆಕೆಂಡು. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿಯೇ. ಸಹಜವಾಗಿ ಮಾತನಾಡಿದರೆ ಈ ಅವಧಿಯಲ್ಲಿ ಕನ್ನಡದ ಆರೇಳು ಪದಗಳಷ್ಟೇ ಹಿಡಿಸುತ್ತವೆ. ಆದ್ದರಿಂದ ಮಾತಿಗಿಂತ ಮೊದಲು ಕೈ ಏನು ಮಾಡುತ್ತದೆ ಎಂಬುದನ್ನು ಬರೆಯಿರಿ. ನಮ್ಮ ಸ್ಕ್ರಿಪ್ಟಿನ ಮೊದಲ ಸಾಲು ಹೀಗಿರಲಿ: “ಹತ್ತಿರದ ದೃಶ್ಯ. ಯಂತ್ರ ಆಗಲೇ ಗ್ರಾನೈಟ್ ಕಟ್ಟೆಯ ಮೇಲೆ ಕೂತಿದೆ. ಬಲಗೈ ಅದರ ಕತ್ತು ಹಿಡಿದು ಮೇಲಕ್ಕೆ ಜೋರಾಗಿ ಎಳೆಯುತ್ತದೆ. ಏಳುವುದಿಲ್ಲ.” ಮಾತು: “ಎಷ್ಟು ಎಳೆದ್ರೂ ಏಳಲ್ಲ. ಈಗ ತುರಿಯೋಣ.” ಪರದೆಯ ಮೇಲಿನ ಬರಹ: “ಕಟ್ಟೆ ಬಿಟ್ಟು ಏಳುತ್ತಾ?” ಬರಹದಲ್ಲಿ ಗಿರಾಕಿಯ ಪ್ರಶ್ನೆ, ದೃಶ್ಯದಲ್ಲಿ ಅದರ ಉತ್ತರ. ಧ್ವನಿ ಮುಚ್ಚಿಟ್ಟು ನೋಡುವವರಿಗೂ ವಿಷಯ ಪೂರ್ತಿಯಾಗಿ ತಲುಪುತ್ತದೆ.

ಎಳೆಯುವ ಕ್ರಿಯೆಯನ್ನು ನಟಿಸಬಾರದು. ನಿಜವಾಗಿ ಎಳೆದಾಗ ಮುಂಗೈಯ ನರ ಬಿಗಿಯುತ್ತದೆ, ಯಂತ್ರದ ಕತ್ತು ತುಸು ಬಾಗಿದಂತೆ ಕಂಡು ಮತ್ತೆ ನೆಟ್ಟಗಾಗುತ್ತದೆ. ಬೆರಳ ತುದಿಯಲ್ಲಿ ಮುಟ್ಟಿ ಬಿಟ್ಟರೆ ಅಡುಗೆಮನೆಯಲ್ಲಿ ಕೈ ಪಳಗಿದವರಿಗೆ ಕೂಡಲೇ ತಿಳಿಯುತ್ತದೆ. ಚಿತ್ರೀಕರಣಕ್ಕೆ ಮುಂಚೆ ಕಟ್ಟೆಯ ಎಣ್ಣೆ ಪಸೆಯನ್ನು ಸೋಪಿನಿಂದ ತೆಗೆಯಿರಿ, ಪಸೆ ಉಳಿದರೆ ಯಂತ್ರ ಏಳದಿದ್ದರೂ ಪಕ್ಕಕ್ಕೆ ಜಾರುತ್ತದೆ. ಬಳಿಕ ಒದ್ದೆ ಬಟ್ಟೆಯಿಂದ ಒರೆಸಿ, ತೇವ ಆರುವ ಮೊದಲೇ ಯಂತ್ರವನ್ನು ಕೂರಿಸಿ ಸನ್ನೆ ಒತ್ತಿ. ತೆಳುವಾದ ನೀರಿನ ಪದರ ರಬ್ಬರಿನ ಅಂಚನ್ನು ಚೆನ್ನಾಗಿ ಮುಚ್ಚುತ್ತದೆ. ಇಷ್ಟು ಮಾಡಿಯೂ ಒಂದು ಹೋಳು ತುರಿದು ಮುಗಿಯುವುದರೊಳಗೆ ಹಿಡಿತ ಬಿಟ್ಟರೆ ಆ ಯಂತ್ರವನ್ನು ಮಾರಲೇಬೇಡಿ. ಅಡಿಯ ರಬ್ಬರು ತೆಳುವಾಗಿ, ಒಣಗಿ ಗಟ್ಟಿಯಾಗಿರುವ ಅಗ್ಗದ ಮಾಲು ಸಂತೆ, ಜಾತ್ರೆಗಳಲ್ಲಿ ಸಾಕಷ್ಟು ಸಿಗುತ್ತದೆ. ಅದನ್ನು ಯಾವ ಸ್ಕ್ರಿಪ್ಟೂ ಕಾಪಾಡಲಾರದು.

ಎಳೆದ ಕೈಯೇ ಹಿಡಿಯನ್ನು ತಿರುಗಿಸತೊಡಗಬೇಕು, ನಡುವೆ ಕತ್ತರಿ ಬೀಳಬಾರದು. ಇದು ನನ್ನ ಖಡಾಖಂಡಿತವಾದ ಸಲಹೆ. ಎಳೆದ ದೃಶ್ಯ ಬೇರೆ, ತುರಿಯುವ ದೃಶ್ಯ ಬೇರೆಯಾದರೆ ಸಂಶಯವಿರುವವರು ಆ ಸಂದಿನಲ್ಲೇ ಮೋಸವನ್ನು ಊಹಿಸುತ್ತಾರೆ. ಕಾಯಿಯ ಹೋಳನ್ನು ಎಡಗೈ ಅಲಗಿಗೆ ಮೊದಲೇ ಹಿಡಿದಿರಲಿ. ಬೆರಳುಗಳು ಕರಟದ ಹೊರಗೇ ಇರುವುದು ಸ್ಪಷ್ಟವಾಗಿ ಕಾಣಲಿ. ವೇಗ ಹೆಚ್ಚಿಸಿ ತೋರಿಸುವುದು, ಮೊದಲೇ ತುರಿದಿಟ್ಟ ರಾಶಿಯನ್ನು ತಟ್ಟೆಗೆ ಸುರಿದು ತೋರಿಸುವುದು ಸುಲಭದ ದಾರಿಗಳೇನೋ ಹೌದು, ಆದರೆ ಅವು ಉತ್ತರ ಕೊಡಬೇಕಾದಲ್ಲಿ ಹೊಸ ಅನುಮಾನ ಹುಟ್ಟಿಸುತ್ತವೆ. ತುರಿಯುವ ಕರಕರ ಸದ್ದಿನ ಮೇಲೆ ಹಾಡು ಹಾಕಬೇಡಿ. ಕಾಯಿ ನಿಜವಾಗಿ ತುರಿಯುತ್ತಿದೆ ಎಂಬುದಕ್ಕೆ ಆ ಸದ್ದೇ ಸಾಕ್ಷಿ.

ನಾಲ್ಕರಿಂದ ಆರನೇ ಸೆಕೆಂಡಿನಲ್ಲಿ ಮಿತಿಯನ್ನು ಹೇಳಿಬಿಡಿ. ದೃಶ್ಯ: ಅದೇ ಯಂತ್ರ ಒರಟು ಕಲ್ಲಿನ ಮೇಲೆ; ಎಳೆದ ಕೂಡಲೇ ಕಿತ್ತು ಬರುತ್ತದೆ. ಮಾತು: “ಒರಟು ಕಲ್ಲು, ಮರದ ಮೇಲೆ ನಿಲ್ಲಲ್ಲ. ಗ್ರಾನೈಟ್ ಇದ್ರೆ ಮಾತ್ರ ತಗೊಳ್ಳಿ.” ವ್ಯಾಪಾರ ಕೆಡುತ್ತದೆ ಎಂದು ಬಹಳ ಮಂದಿ ಇದನ್ನು ಕೊನೆಗೆ ತಳ್ಳುತ್ತಾರೆ ಅಥವಾ ಬಿಟ್ಟೇಬಿಡುತ್ತಾರೆ. ಆದರೆ ಗ್ರಾನೈಟ್ ಕಟ್ಟೆಯಿರುವವರಿಗೆ ಈ ಮಾತಿನಿಂದ ಮೊದಲ ದೃಶ್ಯದ ಮೇಲಿನ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಬೆಲೆ, ಬಣ್ಣ, ಕೊರಿಯರ್ ವಿವರಗಳೆಲ್ಲ ಇದರ ನಂತರ ಬರಲಿ.

ಚಿತ್ರೀಕರಣ ಸರಳ. ಮೊಬೈಲನ್ನು ನೆಟ್ಟಗೆ ನಿಲ್ಲಿಸಿ, ಲೆನ್ಸ್ ಒರೆಸಿ, ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ಮಳೆಗಾಲದ ಕತ್ತಲಿದ್ದರೆ ಮಳೆ ಬಿಡುವು ಕೊಡುವವರೆಗೆ ಕಾಯುವುದು ಲೇಸು. ಪರದೆಯ ಬರಹವನ್ನು ನಡುವಿಗಿಂತ ತುಸು ಮೇಲೆ ಇಡಿ, ಏಕೆಂದರೆ ಕೆಳಭಾಗವನ್ನು ಖಾತೆಯ ಹೆಸರು ಮತ್ತು ವಿವರಣೆ, ಬಲ ಅಂಚನ್ನು ಲೈಕ್, ಕಾಮೆಂಟ್ ಗುಂಡಿಗಳು ಮುಚ್ಚುತ್ತವೆ. ಒತ್ತಕ್ಷರಗಳು ಕತ್ತರಿಸಿಹೋಗಿಲ್ಲವೇ ಎಂದು ಒಮ್ಮೆ ನೋಡಿಕೊಳ್ಳಿ.

ಯಂತ್ರವನ್ನು ಕಂಪನಿಯವರು ಉಚಿತವಾಗಿ ಕೊಟ್ಟಿದ್ದರೆ ಅಥವಾ ಹಣ ಪಡೆದು ರೀಲ್ ಮಾಡುತ್ತಿದ್ದರೆ ಅದನ್ನು ತಿಳಿಸಬೇಕು. ಭಾರತೀಯ ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿಯಂತೆ 15 ಸೆಕೆಂಡು ಅಥವಾ ಅದಕ್ಕಿಂತ ಚಿಕ್ಕ ವಿಡಿಯೊದಲ್ಲಿ ಈ ಸೂಚನೆ ಕನಿಷ್ಠ 3 ಸೆಕೆಂಡು ಕಾಣಬೇಕು. ಅದನ್ನು ಆರಂಭದಲ್ಲೇ, ಪ್ರಶ್ನೆಯ ಬರಹದ ಮೇಲುಗಡೆ ಇಡುವುದು ಒಳ್ಳೆಯದು.

ಹಾಕಿದ ಮೇಲೆ ಇನ್‌ಸೈಟ್ಸ್‌ನಲ್ಲಿ ನೋಡುಗರು ಎಲ್ಲಿ ಬಿಟ್ಟುಹೋದರೆಂಬ ಗೆರೆಯನ್ನು ಗಮನಿಸಿ. ಮೂರನೇ ಸೆಕೆಂಡಿಗೆ ಮುಂಚೆಯೇ ಅದು ಕಡಿದಾಗಿ ಇಳಿದಿದ್ದರೆ ಎಳೆಯುವ ದೃಶ್ಯವನ್ನು ಇನ್ನೂ ಹತ್ತಿರದಿಂದ, ಇನ್ನೂ ಬೇಗ ಆರಂಭವಾಗುವಂತೆ ತೆಗೆಯಬೇಕು. ಕಾಮೆಂಟುಗಳನ್ನೂ ಓದಿ. “ರೇಟ್ ಎಷ್ಟು?”, “ತೊಳೆಯೋದು ಹೇಗೆ?” ಎಂದು ಕೇಳುತ್ತಿದ್ದರೆ ಮೊದಲ ಅನುಮಾನ ಕಳೆದಿದೆ, ತೊಳೆಯುವ ಪ್ರಶ್ನೆ ಮುಂದಿನ ರೀಲ್‌ನ ಮೊದಲ ಸಾಲಾಗಬಹುದು. “ಏಳಲ್ವಾ?” ಎಂದೇ ಇನ್ನೂ ಕೇಳುತ್ತಿದ್ದರೆ ಆರಂಭದ ಮೂರು ಸೆಕೆಂಡನ್ನು ಮಾತ್ರ ಮತ್ತೆ ಬರೆದು, ಮತ್ತೆ ಎಳೆದು ತೋರಿಸಿ.