ಮದುವೆಯ ಭಾಷಣಕ್ಕೆ ದೊಡ್ಡಮ್ಮನ ಪರೀಕ್ಷೆ

ಬೇಳದ ಇಗರ್ಜಿಯಲ್ಲಿ ಗೆಳೆಯನ ಮದುವೆ. ಬೆಸ್ಟ್ ಮ್ಯಾನ್ ನಾನು. ಸತ್ಕಾರಕೂಟದಲ್ಲಿ ಮಾತನಾಡಲೇಬೇಕಿತ್ತು. ಮೊದಲು ಬರೆದದ್ದನ್ನು ಮೊಬೈಲಿನಲ್ಲಿ ಸಮಯ ಹಿಡಿದು ಓದಿದೆ: ಹನ್ನೊಂದು ನಿಮಿಷ, ಐದು ಕತೆ. ಐದರಲ್ಲಿ ನಾಲ್ಕು ಹಾಸ್ಟೆಲಿನವು. ಅವು ನಮ್ಮ ಬೆಂಚಿಗೆ ನಗು ತರುತ್ತವೆ, ಮುಂದಿನ ಸಾಲಿನ ಅಜ್ಜಂದಿರಿಗೆ ಮಾತ್ರ ಹೊಸ ಸುದ್ದಿ. ಹೊಸ ಸುದ್ದಿಯೇ ವರನಿಗೆ ಅಪಾಯ.

ಹಾಗಾಗಿ ಮದುವೆಗೆ ವಾರದ ಮೊದಲು ಅವನ ಮನೆಗೆ ಹೋಗಿ, ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದ ದೊಡ್ಡಮ್ಮನ ಪಕ್ಕ ಕುಳಿತೆ. ತೀರಾ ಗುಟ್ಟಿನದೊಂದನ್ನು ಬಿಟ್ಟು ಉಳಿದವನ್ನು ಒಂದೊಂದಾಗಿ ಹೇಳಿದೆ. "ಹೌದಾ? ಯಾವಾಗ? ಜೊತೆಗೆ ಯಾರಿದ್ದರು?" ಎಂದು ಅವರು ಕೇಳಿದ ಕತೆಗಳನ್ನೆಲ್ಲ ಹೊಡೆದುಹಾಕಿದೆ. ಪ್ರಶ್ನೆ ಬಂತೆಂದರೆ ವಿಚಾರಣೆ ಶುರುವಾಯಿತೆಂದೇ ಅರ್ಥ. ಒಂದೇ ಕತೆಗೆ ಮಾತ್ರ, ನಾನು ಮುಗಿಸುವ ಮೊದಲೇ ಅವರು ನಕ್ಕರು. ಅದು ಅಂಗಳದ ಅಡಿಕೆಯ ಕತೆ.

ಚಾಲಿ ಅಡಿಕೆ ಒಣಗಲು ನಲವತ್ತು ದಿನಗಳಿಗೂ ಮೇಲೆ ಬಿಸಿಲು ಬೇಕು. ಒಂದು ಬೇಸಿಗೆಯಲ್ಲಿ ಕಾವಲಿಗೆ ಕುಳಿತಿದ್ದ ಇವನು ದಿಢೀರನೆ ಮಳೆ ಸುರಿದಾಗ ಓಡಿಬಂದ. ನನ್ನ ಮೊದಲ ಬರಹದಲ್ಲಿ "ಬ್ಯಾಟನ್ನು ಮೊದಲು ಒಳಗೆ ತಂದ, ಅಡಿಕೆಯನ್ನು ಮರೆತ" ಎಂದಿತ್ತು. ಗುಟ್ಟು ಮೊದಲೇ ಒಡೆದು, ಬಾಲ ಉಳಿಯುತ್ತಿತ್ತು. ತಿದ್ದಿದ ಮೇಲೆ ಹೀಗಾಯಿತು: "ಅಂಗಳದ ತುಂಬ ಅಡಿಕೆ. ಮೇಲೆ ಮಳೆ. ಇವನು ಓಡಿದ, ಬಾಗಿದ, ಎತ್ತಿಕೊಂಡ, ಜೋಪಾನವಾಗಿ ಒಳಗೆ ತಂದ. ಏನನ್ನು? ತನ್ನ ಬ್ಯಾಟನ್ನು." ನಗಿಸುವ ಪದ ಕೊನೆಗೆ ಬಂತು. ಅದರ ಹಿಂದೆಯೇ ಅವನ ಮಾನ ಉಳಿಸುವ ಮಾತೂ ಬೇಕು: ಆ ರಾತ್ರಿ ಒದ್ದೆ ಅಡಿಕೆಯನ್ನು ಒಬ್ಬನೇ ಚಾವಡಿಯಲ್ಲಿ ಹರಡಿ, ಬೆಳಗಿನವರೆಗೆ ಮಗುಚುತ್ತ ಕುಳಿತಿದ್ದ. ಇದೂ ನಿಜವೇ. ನಿಜವಲ್ಲದ ಹೊಗಳಿಕೆಯನ್ನು ಮನೆಯವರು ತಕ್ಷಣ ಹಿಡಿಯುತ್ತಾರೆ.

ಉಳಿದ ಚೌಕಟ್ಟು ಸಣ್ಣದು. ಆರಂಭದಲ್ಲಿ ನನ್ನನ್ನೇ ಗೇಲಿ ಮಾಡಿಕೊಂಡೆ (ಅವನ ನೋಟ್ಸ್ ನೋಡಿ ಬರೆದು ಅವನಿಗಿಂತ ಕಡಿಮೆ ಅಂಕ ಪಡೆದದ್ದು). ನಡುವೆ ಅಡಿಕೆ, ಕೊನೆಗೆ ವಧುವಿಗೆ ಒಂದು ಸಾಲು: "ಮಳೆ ಬಂದರೆ ಈಗ ಮೊದಲು ನಿಮ್ಮನ್ನೇ ಒಳಗೆ ಕರೆಯುತ್ತಾನೆ. ಬ್ಯಾಟ್ ಹೊರಗಿದ್ದ ದಿನ ಮಾತ್ರ ನನಗೆ ಗೊತ್ತಿಲ್ಲ." ಆಮೇಲೆ ಟೋಸ್ಟ್. ಒಟ್ಟು ನಾಲ್ಕು ನಿಮಿಷ.

ಆದರೂ ಒಂದು ಕಡೆ ಎಡವಿದೆ. "ಬ್ಯಾಟನ್ನು" ಎಂದದ್ದೇ ಯುವಕರು ನಕ್ಕರು, ನಾನು ಮುಂದುವರಿದೆ. ಮುಂದಿನ ಸಾಲಿನಲ್ಲಿ ಮೊಮ್ಮಗಳು ಅಜ್ಜಿಯ ಕಿವಿಯಲ್ಲಿ ಕೊಂಕಣಿಯಲ್ಲಿ ವಿವರಿಸಿದ ಮೇಲೆ ಎರಡನೆಯ ನಗು ಎದ್ದಿತು. ಚಾವಡಿಯ ಮಾತು ಅದರಲ್ಲಿ ಮುಳುಗಿಹೋಯಿತು, ಮತ್ತೊಮ್ಮೆ ಹೇಳಬೇಕಾಯಿತು. ಹಲವು ಭಾಷೆಗಳ ಸಭೆಯಲ್ಲಿ ಆ ಎರಡನೆಯ ನಗುವಿಗೂ ಕಾಯಬೇಕು.

ಊಟದ ಹೊತ್ತಿನಲ್ಲಿ ಅಜ್ಜಿ ನನ್ನನ್ನು ಕರೆದು ತಿದ್ದಿದರು: "ಅದು ಅಂಗಡಿಯ ಬ್ಯಾಟ್ ಅಲ್ಲ ಮಗ, ತೆಂಗಿನ ಮಡಲಿನದು. ಕೆತ್ತಿಕೊಟ್ಟದ್ದು ನಾನೇ."