ಮೇಲಿನ ಮನೆಗೆ ಪುಟ್ಟ ಮಗು ಬರುತ್ತೆ ಅಂದಾಗ ನಾನು ಮಾಡಿಸಿದ್ದು

ತುಮಕೂರಿನ ಕ್ಯಾತ್ಸಂದ್ರದಲ್ಲಿ ನಮ್ಮ ಮನೆ. ಕೆಳಗೆ ನಾವು, ಮೇಲೆ ಬಾಡಿಗೆ. ಕಟ್ಟಿಸಿ ಇಪ್ಪತ್ತು ವರ್ಷದ ಹತ್ತಿರ ಆಯ್ತು. ಇಷ್ಟು ದಿನ ಮೇಲೆ ಇದ್ದವರೆಲ್ಲ ಕಾಲೇಜು ಹುಡುಗರು, ಇಲ್ಲ ವಯಸ್ಸಾದವರು. ಹಾಗಾಗಿ ಮಗುವಿನ ಕಣ್ಣಲ್ಲಿ ಆ ಮನೆಯನ್ನು ನಾನು ಒಂದು ಸಲವೂ ನೋಡಿರಲಿಲ್ಲ.

ಹೋದ ವರ್ಷ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಹುಡುಗ, ಅವನ ಹೆಂಡತಿ, ಒಂದೂವರೆ ವರ್ಷದ ಮಗಳು ಮನೆ ನೋಡೋಕೆ ಬಂದರು. ನಾವು ಅಡ್ವಾನ್ಸ್ ಮಾತಾಡುತ್ತಾ ನಿಂತಿದ್ದೆವು. ಮಗು ಬಾಲ್ಕನಿಯಲ್ಲಿ ಕೂತು, ರೇಲಿಂಗಿನ ಕೆಳಗಿನ ಎರಡು ಪೈಪಿನ ಮಧ್ಯೆ ಕಾಲು ಹೊರಗೆ ಹಾಕಿ ಆಡಿಸುತ್ತಿತ್ತು. ತಿರುಗಿ ನೋಡುವಷ್ಟರಲ್ಲಿ ಸೊಂಟದವರೆಗೆ ಹೊರಗೆ ಜಾರಿತ್ತು. ತಾಯಿ ಓಡಿಹೋಗಿ ಎಳೆದುಕೊಂಡಳು. ಆಮೇಲೆ ಮೆಲ್ಲಗೆ, "ಆಂಟಿ, ಇದಕ್ಕೆ ಏನಾದ್ರೂ ಮಾಡಿಸಿಕೊಡ್ತೀರಾ?" ಅಂದಳು. ಬೈದಿದ್ದರೂ ಸರಿಯೇ ಇತ್ತು. ಹನ್ನೆರಡು ದಿನ ಟೈಮ್ ಕೊಡಿ, ಆಮೇಲೆ ಕೀ ಕೊಡ್ತೀನಿ ಅಂದೆ.

ಅವತ್ತು ನನಗೆ ಗೊತ್ತಾಗಿದ್ದು ಇದು. ತಲೆ ತೂರದಿದ್ದರೆ ಸಾಕು ಅಂತ ನಾವು ಅಂದುಕೊಂಡಿರ್ತೀವಿ, ಅಲ್ವಾ? ಆದರೆ ಚಿಕ್ಕ ಮಕ್ಕಳು ಕಾಲು ಮುಂದಾಗಿಯೂ ಜಾರುತ್ತವೆ. ಕಾಲು, ಸೊಂಟ, ಎದೆ ಎಲ್ಲ ದಾಟಿ ತಲೆ ಮಾತ್ರ ಒಳಗೆ ಸಿಕ್ಕಿಕೊಂಡರೆ ಮಗು ಕತ್ತಿನ ಮೇಲೆ ನೇತಾಡುತ್ತೆ. ಬೀಳುವುದಕ್ಕಿಂತ ಅದೇನೂ ಕಡಿಮೆ ಅಪಾಯ ಅಲ್ಲ. ಅದಕ್ಕೇ ಸಂದು ನಾಲ್ಕು ಇಂಚು ಮೀರಬಾರದು ಅನ್ನೋದು. ನಮ್ಮದು ಏಳು ಇಂಚಿತ್ತು. ಸಾಲದ್ದಕ್ಕೆ ಮೂರೂ ಪೈಪು ಅಡ್ಡಡ್ಡ, ಅಂದರೆ ಏಣಿ. ಎತ್ತರ ಎರಡು ಅಡಿ ಒಂಬತ್ತು ಇಂಚು. ಕಟ್ಟಿಸುವಾಗ ಅದೇ ಸ್ಟೈಲ್ ಅಂತ ನಾನೇ ಹೇಳಿ ಹಾಕಿಸಿದ್ದು.

ವೆಲ್ಡರ್ ಬಂದ. ನಾಲ್ಕು ಇಂಚಿಗೊಂದು ರಾಡು ನಿಲ್ಲಿಸಪ್ಪ ಅಂದರೆ, "ಸೆಂಟರ್ ಟು ಸೆಂಟರಾ ಮೇಡಂ, ಕ್ಲಿಯರಾ?" ಅಂತ ಕೇಳಿದ. ಒಳ್ಳೆ ಪ್ರಶ್ನೆ. 12 ಎಂಎಂ ಚೌಕ ರಾಡನ್ನು ಸೆಂಟರಿಂದ ಸೆಂಟರಿಗೆ ನಾಲ್ಕು ಇಂಚಿಗೆ ಇಟ್ಟರೆ ಮಧ್ಯೆ ಉಳಿಯೋದು ಸುಮಾರು ಮೂರೂವರೆ ಇಂಚು. ಅದೇ ಇರಲಿ ಅಂದೆ. ಕೆಲಸ ಮುಗಿದ ಮೇಲೆ ಅಳೆಯೋಕೆ ಟೇಪಿಗಿಂತ ಸುಲಭ ಒಂದಿದೆ. ನಾಲ್ಕಿಂಚು ಉದ್ದ, ನಾಲ್ಕಿಂಚು ಅಗಲ, ನಾಲ್ಕಿಂಚು ಎತ್ತರದ ಮರದ ತುಂಡು ಕತ್ತರಿಸಿಕೊಂಡೆ. ಅದು ಯಾವ ಸಂದಿನಲ್ಲೂ ಆಚೆ ಹೋಗಬಾರದು. ಗೋಡೆ ಪಕ್ಕದ ಕೊನೇ ಸಂದಿನಲ್ಲಿ ಸಲೀಸಾಗಿ ಹೋಯಿತು! ಸಾಮಾನ್ಯವಾಗಿ ಅಲ್ಲೇ ಲೆಕ್ಕ ತಪ್ಪೋದು, ಉಳಿದಷ್ಟು ಜಾಗ ಬಿಟ್ಟು ಹೋಗ್ತಾರೆ. ಇನ್ನೊಂದು ರಾಡು ಹಾಕಿಸಿದೆ. ಕೆಳಗೆ ಬಾಲ್ಕನಿ ಅಂಚಿನ ಕಟ್ಟೆಗೂ ಗ್ರಿಲ್ಲಿಗೂ ಮಧ್ಯೆ ಎರಡು ಇಂಚು ಮಾತ್ರ ಬಿಟ್ಟೆವು.

ಹಳೇ ಅಡ್ಡ ಪೈಪು ಬಿಚ್ಚೋದು ಬೇಡ, ಅದರ ಹೊರಗಿನಿಂದ ರಾಡು ಬೆಸುಗೆ ಹಾಕಿಬಿಡ್ತೀನಿ, ನಿಮಗೂ ದುಡ್ಡು ಉಳಿಯುತ್ತೆ ಅಂದ ವೆಲ್ಡರ್. ಹಾಗೆ ಮಾಡಿದರೆ ಮಗು ತೂರುವುದಿಲ್ಲ ನಿಜ, ಆದರೆ ಹತ್ತೋಕೆ ಮೆಟ್ಟಿಲು ಹಾಗೇ ಉಳಿಯುತ್ತೆ. ಅಡ್ಡ ಪೈಪು ಪೂರ್ತಿ ತೆಗೆಸಿದೆ. ಎತ್ತರ ಮೂರೂವರೆ ಅಡಿ ಮಾಡಿಸಿದೆ. ಇದನ್ನ ಎಲ್ಲಿಂದ ಅಳೀತೀರಿ ಅನ್ನೋದೂ ಮುಖ್ಯ. ಬಾಲ್ಕನಿ ಅಂಚಿನಲ್ಲಿ ಅರ್ಧ ಅಡಿ ಕಟ್ಟೆ ಇದೆ, ಮಗು ಅದರ ಮೇಲೆ ನಿಲ್ಲಬಹುದು. ಹಾಗಾಗಿ ಅಳತೆ ಕಟ್ಟೆಯಿಂದ ಮೇಲಕ್ಕೆ, ನೆಲದಿಂದ ಅಲ್ಲ.

ಬಿಚ್ಚುವಾಗ ಇನ್ನೊಂದು ಬಯಲಾಯಿತು. ಎರಡು ವರ್ಷಕ್ಕೊಂದು ಸಲ ಬಣ್ಣ ಬಳಿಸುತ್ತಿದ್ದ ಕಂಬ, ನೋಡೋಕೆ ಗಟ್ಟಿಮುಟ್ಟು. ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಯಿತು, ಹಪ್ಪಳ ಮುರಿದ ಹಾಗೆ. ನೆಲ ಒರೆಸಿದ ನೀರು, ಮಳೆ ನೀರು ಅಲ್ಲೇ ನಿಂತು ಒಳಗಿಂದ ತುಕ್ಕು ತಿಂದಿತ್ತು. ಬಣ್ಣ ಉಬ್ಬಿದೆಯಾ, ಬುಡದಲ್ಲಿ ಕಂದು ಕಲೆ ಇಳಿದಿದೆಯಾ ನೋಡಿ. ಆಮೇಲೆ ಸ್ಕ್ರೂಡ್ರೈವರ್‌ನಲ್ಲಿ ಒತ್ತಿ ನೋಡಿ.

ಹುಡುಗ ಬಂದು ಛಾವಣಿವರೆಗೂ ಗ್ರಿಲ್ ಮುಚ್ಚಿಸಿಬಿಡಿ ಅಂದ. ಆಗಲ್ಲಪ್ಪ ಅಂದೆ. ಮುಂಬಾಗಿಲು ಅಡುಗೆಮನೆ ಪಕ್ಕದಲ್ಲೇ ಇದೆ. ಅಲ್ಲಿ ಬೆಂಕಿ ಹತ್ತಿದರೆ ಆಚೆ ಬರೋಕೆ ಉಳಿದಿರುವ ದಾರಿ ಬಾಲ್ಕನಿ ಒಂದೇ. ಪೂರ್ತಿ ಮುಚ್ಚೋದೇ ಆದರೆ ದೊಡ್ಡವರು ತೂರುವಷ್ಟು ಒಂದು ಬಾಗಿಲು ಬಿಡಬೇಕು, ಬೀಗದ ಕೀ ಮಗುವಿಗೆ ಸಿಗದ ಎತ್ತರದಲ್ಲಿ ಅಲ್ಲೇ ನೇತು ಹಾಕಬೇಕು. ಬದಲಿಗೆ ಹೂಕುಂಡ, ಕುರ್ಚಿ, ನೀರಿನ ಡ್ರಮ್ಮು ಯಾವುದನ್ನೂ ಗ್ರಿಲ್ ಪಕ್ಕ ಇಡಬಾರದು ಅಂತ ಮಾತಾಯಿತು. ಗ್ರಿಲ್ ಕೆಲಸಕ್ಕೆ ಎಲ್ಲಾ ಸೇರಿ ಹದಿನಾಲ್ಕು ಸಾವಿರ ಆಯ್ತು.

ಇನ್ನು ಕರೆಂಟು. ಮೊದಲು ನಾನು ಮಾಡಿದ ಕೆಲಸ, ಖಾಲಿ ಮನೆಯಲ್ಲಿ ಮಂಡಿಯೂರಿ ಓಡಾಡಿದ್ದು. ಮೊಣಕಾಲು ನೋವು ಬಂತು, ಇರಲಿ. ಹಾಲಿನಲ್ಲಿ ಟಿವಿ ಕೆಳಗೆ, ನೆಲದಿಂದ ಒಂದಡಿಗೆ ಎರಡು ಸಾಕೆಟ್. ಒಂದರ ಮುಚ್ಚಳ ಅಲ್ಲಾಡುತ್ತಿತ್ತು, ತೂತಿನ ಸುತ್ತ ಕಂದು ಬಣ್ಣಕ್ಕೆ ತಿರುಗಿತ್ತು. ಅದು ಕೊಳೆ ಅಲ್ಲ. ಒಳಗೆ ಸ್ಕ್ರೂ ಸಡಿಲವಾಗಿ ವೈರು ಬಿಸಿಯಾಗಿ ಪ್ಲಾಸ್ಟಿಕ್ ಸುಟ್ಟಿರೋದು.

ಎಲೆಕ್ಟ್ರಿಷಿಯನ್ ಟೆಸ್ಟರ್ ಹಿಡಿದು ಒಂದೊಂದೇ ಸಾಕೆಟ್ ನೋಡಿದ. ಎದುರಿಂದ ನೋಡಿದರೆ, ದೊಡ್ಡ ಅರ್ಥ್ ತೂತು ಮೇಲಿದ್ದಾಗ ಬಲಗಡೆ ಫೇಸ್ ಬರಬೇಕು, ಸ್ವಿಚ್ ಆಫ್ ಮಾಡಿದರೆ ಟೆಸ್ಟರ್ ಆರಬೇಕು. ಆ ಸುಟ್ಟ ಸಾಕೆಟ್ಟಿನಲ್ಲಿ ಸ್ವಿಚ್ ಆಫ್ ಇದ್ದರೂ ದೀಪ ಉರಿಯಿತು. ಸ್ವಿಚ್ಚನ್ನು ಫೇಸಿಗೆ ಹಾಕೋ ಬದಲು ನ್ಯೂಟ್ರಲ್‌ಗೆ ಹಾಕಿದ್ದರು. ಇಷ್ಟು ವರ್ಷ ಸ್ವಿಚ್ ಆಫ್ ಇದೆ ಅಂತ ನಂಬಿದ್ದ ತೂತಿನಲ್ಲಿ ಕರೆಂಟು ಇದ್ದೇ ಇತ್ತು. ಎರಡನ್ನೂ ಬದಲಾಯಿಸಿ, ಪ್ಲಗ್ ಹಾಕಿದಾಗ ಮಾತ್ರ ತೂತು ತೆರೆಯುವ ಹಾಗೆ ಒಳಗೆ ಶಟರ್ ಇರುವ ಸಾಕೆಟ್ ಹಾಕಿಸಿದೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಬಿರಡೆ ನನಗೆ ಹಿಡಿಸಲ್ಲ, ಮಗು ಅದನ್ನೇ ಕಿತ್ತು ಬಾಯಿಗೆ ಹಾಕಿಕೊಂಡರೆ ಇನ್ನೊಂದು ಗೋಳು.

ನಮ್ಮ ಬೋರ್ಡಿನಲ್ಲಿ ಎಂಸಿಬಿ ಮಾತ್ರ ಇತ್ತು. ಅದಿದ್ದರೆ ಶಾಕ್ ಹೊಡೆಯಲ್ಲ ಅಂತ ನಾನೂ ಅಂದುಕೊಂಡಿದ್ದೆ. ಎಂಸಿಬಿ ಬೀಳೋದು ಹದಿನಾರೋ ಇಪ್ಪತ್ತೋ ಆಂಪಿಯರ್ ಮೀರಿದಾಗ, ಅದು ವೈರು ಸುಡದ ಹಾಗೆ ಕಾಯೋಕೆ ಇರೋದು. ಮನುಷ್ಯನ ಮೈಯಲ್ಲಿ ಹರಿಯುವ ಕರೆಂಟು ಅದರ ಲೆಕ್ಕಕ್ಕೇ ಬರಲ್ಲ. ಜೀವ ಕಾಯೋದು ಆರ್‌ಸಿಸಿಬಿ. ಹೋದಷ್ಟು ಕರೆಂಟು ವಾಪಸ್ ಬಂತಾ ಅಂತ ಅದು ನೋಡ್ತಾ ಇರುತ್ತೆ, 30 ಮಿಲಿಆಂಪಿಯರ್ ದಾಟಿ ನೆಲಕ್ಕೆ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತೆ. ಕೊಳ್ಳುವಾಗ 30 ಅಂತಲೇ ಕೇಳಿ, 100, 300 ಇರುವುದೂ ಇದೆ.

ಹಾಕಿದ ತಕ್ಷಣ ತೊಂದರೆ ಶುರು. ಮೆಟ್ಟಿಲ ಲೈಟ್ ಹಾಕಿದರೆ ಸಾಕು, ಆರ್‌ಸಿಸಿಬಿ ಬೀಳುತ್ತಿತ್ತು. ಎಲೆಕ್ಟ್ರಿಷಿಯನ್ ಜೊತೆ ಬಂದಿದ್ದ ಹುಡುಗ, "ಬೈಪಾಸ್ ಮಾಡಿಬಿಡೋಣ ಅಮ್ಮಾ, ಇದು ಸುಮ್ನೆ ತೊಂದ್ರೆ" ಅಂದ. ಬೇಡ, ಕಾರಣ ಹುಡುಕು ಅಂದೆ. ಅರ್ಧ ದಿನ ಹಿಡಿಯಿತು. ಮೆಟ್ಟಿಲ ಲೈಟಿನ ಫೇಸ್ ಮೇಲಿನ ಮನೆ ಮೀಟರಿನಿಂದ, ನ್ಯೂಟ್ರಲ್ ಮಾತ್ರ ನಮ್ಮ ಮನೆಯಿಂದ! ಮೇಲಿಂದ ಹೋದ ಕರೆಂಟು ಕೆಳಗೆ ವಾಪಸ್ ಬಂದರೆ ಆರ್‌ಸಿಸಿಬಿ ಸೋರಿತು ಅಂದುಕೊಳ್ಳುತ್ತೆ. ತಪ್ಪು ಅದರದ್ದಲ್ಲ. ಎರಡು ಮೂರು ಮೀಟರ್ ಇರುವ ಬಾಡಿಗೆ ಕಟ್ಟಡಗಳಲ್ಲಿ ಇದನ್ನು ಮೊದಲು ನೋಡಿಸಿ. ಆ ಲೈಟನ್ನು ಪೂರ್ತಿಯಾಗಿ ನಮ್ಮ ಮೀಟರಿಗೆ ಹಾಕಿಸಿಕೊಂಡೆ.

ಆಮೇಲೆ ಆರ್‌ಸಿಸಿಬಿ ಮೇಲಿರುವ ಟಿ ಬಟನ್ ಒತ್ತಿದೆವು. ಟಪ್ ಅಂತ ಬಿತ್ತು, ಫ್ರಿಜ್ ಪಾಯಿಂಟು, ಗೀಸರ್ ಪಾಯಿಂಟು ಎಲ್ಲ ಸತ್ತವು. ಹಾಲಿನ ಲೈಟು ಮಾತ್ರ ಉರಿಯುತ್ತಾ ಇದೆ. ಟಿವಿ ಕೆಳಗಿನ ಆ ಸಾಕೆಟ್ಟಿನಲ್ಲೂ ಟೆಸ್ಟರ್ ಉರಿಯುತ್ತಿದೆ. ನನಗೆ ತಲೆಬುಡ ಅರ್ಥ ಆಗಲಿಲ್ಲ. ಎಲೆಕ್ಟ್ರಿಷಿಯನ್ ನಕ್ಕು ಮೂಲೆಯಲ್ಲಿದ್ದ ಯುಪಿಎಸ್ ತೋರಿಸಿದ. ಆರ್‌ಸಿಸಿಬಿ ಬಿದ್ದರೆ ಯುಪಿಎಸ್‌ಗೆ ಕರೆಂಟು ಹೋದ ಹಾಗೇ ಅಲ್ವಾ, ತಕ್ಷಣ ಬ್ಯಾಟರಿಯಿಂದ ತನ್ನ ಲೈನಿಗೆ 230 ವೋಲ್ಟ್ ಕೊಡೋಕೆ ಶುರು ಮಾಡುತ್ತೆ. ಅಂದರೆ ಮಗು ಆ ಸಾಕೆಟ್ಟಿಗೆ ಕೈ ಹಾಕಿ ಆರ್‌ಸಿಸಿಬಿ ಬಿದ್ದರೂ ಸಾಕೆಟ್ಟಿನಲ್ಲಿ ಕರೆಂಟು ನಿಲ್ಲಲ್ಲ. ವೈಫೈ ಆಫ್ ಆಗಬಾರದು ಅಂತ ಕಾಲೇಜು ಹುಡುಗರಿದ್ದಾಗ ನಾನೇ ಆ ಸಾಕೆಟ್ಟನ್ನು ಯುಪಿಎಸ್ ಲೈನಿಗೆ ಸೇರಿಸಿದ್ದೆ.

ಯುಪಿಎಸ್ ಲೈನಿಗೇ ಇನ್ನೊಂದು ಆರ್‌ಸಿಸಿಬಿ ಹಾಕಬಹುದು, ಆದರೆ ಅದಕ್ಕೆ ಆ ಲೈನಿನ ನ್ಯೂಟ್ರಲ್ ಬೇರೆಯಾಗಿಯೇ ಬಂದಿರಬೇಕು. ನಮ್ಮ ಹಳೇ ವೈರಿಂಗಿನಲ್ಲಿ ಎಲ್ಲ ನ್ಯೂಟ್ರಲ್ ಒಟ್ಟಿಗೆ. ಸುಲಭದ ದಾರಿ ಹಿಡಿದೆ: ಕೆಳಗಿನ ಸಾಕೆಟ್ಟುಗಳನ್ನು ಯುಪಿಎಸ್‌ನಿಂದ ತೆಗೆಸಿ ಸಾಮಾನ್ಯ ಲೈನಿಗೆ ಹಾಕಿಸಿದೆ, ವೈಫೈಗೆ ಐದಡಿ ಎತ್ತರದಲ್ಲಿ ಬೇರೆ ಪಾಯಿಂಟ್ ಕೊಡಿಸಿದೆ. ಈಗ ಯುಪಿಎಸ್ ಮೇಲೆ ಇರೋದು ಲೈಟು, ಫ್ಯಾನು, ಆ ಒಂದು ಎತ್ತರದ ಪಾಯಿಂಟು ಅಷ್ಟೇ. ಬೋರ್ಡಿನ ಮೇಲೆ "ಮೇನ್ ಆಫ್ ಮಾಡಿದರೂ ಯುಪಿಎಸ್ ಲೈನಿನಲ್ಲಿ ಕರೆಂಟು ಇರುತ್ತೆ" ಅಂತ ಬರೆದು ಅಂಟಿಸಿದ್ದೀನಿ. ಮುಂದೆ ರಿಪೇರಿಗೆ ಬರುವವನ ಕೈ ಉಳಿಯಲಿ ಅಂತ.

ಟಿ ಬಟನ್ ಒತ್ತಿದಾಗ ಬಿದ್ದರೆ ಆರ್‌ಸಿಸಿಬಿ ಸರಿಯಿದೆ ಅಂತಷ್ಟೇ. ಅರ್ಥಿಂಗ್ ಚೆನ್ನಾಗಿದೆ ಅಂತ ಅಲ್ಲ. ನಮ್ಮ ಅರ್ಥಿಂಗನ್ನು ಎಲೆಕ್ಟ್ರಿಷಿಯನ್ ಆರ್‌ಸಿಸಿಬಿ ಹಾಕುವ ಮುಂಚೆಯೇ ನೂರು ವ್ಯಾಟ್ ಬಲ್ಬಿನಲ್ಲಿ ನೋಡಿದ್ದ. ಫೇಸ್ ಮತ್ತು ನ್ಯೂಟ್ರಲ್ ಮಧ್ಯೆ ಝಗ್ ಅಂತ ಉರಿಯಿತು, ಫೇಸ್ ಮತ್ತು ಅರ್ಥ್ ಮಧ್ಯೆ ಮಂಕಾಗಿ, ಹಣತೆ ಹಾಗೆ. ನಮ್ಮ ಕಡೆ ಬೇಸಿಗೆಯಲ್ಲಿ ನೆಲ ಒಣಗಿ ಕಲ್ಲಾಗುತ್ತೆ, ಅರ್ಥ್ ಗುಂಡಿಗೆ ನೀರು ಹಾಕಿ ಯಾವ ಕಾಲವಾಗಿತ್ತೋ. ಪೈಪಿನ ತುದಿಯ ನಟ್ಟೂ ತುಕ್ಕು ಹಿಡಿದಿತ್ತು. ಉಜ್ಜಿ ಬಿಗಿ ಮಾಡಿ ನಾಲ್ಕು ಕೊಡ ನೀರು ಹುಯ್ದ ಮೇಲೆ ಬಲ್ಬು ಎರಡೂ ಕಡೆ ಒಂದೇ ಥರ ಉರಿಯಿತು. ಇದನ್ನು ನೀವೇ ಮಾಡೋಕೆ ಹೋಗಬೇಡಿ, ಎಲೆಕ್ಟ್ರಿಷಿಯನ್‌ಗೆ ಹೇಳಿ ಪಕ್ಕದಲ್ಲಿ ನಿಂತು ನೋಡಿ. ಇನ್ನೊಂದು, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದುಕೊಂಡರೆ ಆರ್‌ಸಿಸಿಬಿಗೂ ಗೊತ್ತಾಗಲ್ಲ, ಅದಕ್ಕೇ ಶಟರ್ ಇರುವ ಸಾಕೆಟ್ಟೂ ಬೇಕು.

ಅವರು ಬಂದು ಮೂರು ತಿಂಗಳಿಗೆ ಒಂದು ಭಾನುವಾರ ಹುಡುಗ ಕೆಳಗಿಳಿದು ಬಂದ. "ಆಂಟಿ, ವಾಷಿಂಗ್ ಮಷಿನ್ ಹಾಕಿದ್ರೆ ಸ್ವಿಚ್ ಬೀಳ್ತಾ ಇದೆ, ಆರ್‌ಸಿಸಿಬಿ ಕೆಟ್ಟಿರಬೇಕು." ಮಷಿನ್ ಪ್ಲಗ್ ತೆಗೆದು ಉಳಿದಿದ್ದೆಲ್ಲ ಹಾಕು ಅಂದೆ. ಬೀಳಲಿಲ್ಲ. ಮಷಿನ್ ಬೇರೆ ಸಾಕೆಟ್ಟಿಗೆ ಹಾಕಿದರೂ ಬಿತ್ತು. ಹಾಗಾದರೆ ಮಷಿನ್‌ನಲ್ಲೇ ಇದೆ ಅಂತಾಯ್ತು. ಪ್ಲಗ್ ಕಿತ್ತು ಮಷಿನ್ ಓರೆ ಮಾಡಿ ನೋಡಿದರೆ, ಅಡಿಯಲ್ಲಿ ಇಲಿ ವೈರು ಕಡಿದು ಒಳಗಿನ ತಾಮ್ರ ತಗಡಿಗೆ ತಾಗಿಕೊಂಡಿತ್ತು. ಹಿಂದಿನ ದಿನ ಸಂಜೆ ಮಗು ಅದೇ ಮಷಿನ್ ಹಿಡಿದುಕೊಂಡು ನಿಂತು ತನ್ನ ಗೊಂಬೆಗೆ ನಡೆಯೋದು ಹೇಳಿಕೊಡುತ್ತಿತ್ತಂತೆ.